ಯಾರು ನಿದ್ದೆ ಮಾಡ್ತಿದ್ನಂತೆ?

ಶಿರಾ ಕಡೆಯ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಹೇಳಿದ ಕಥೆ ಅದು. ಏಳು ಜನ ಅಣ್ಣಂದಿರಿಗೆ ಒಬ್ಬಳೇ ತಂಗಿ. ಅಣ್ಣಂದಿರು ವ್ಯಾಪಾರಕ್ಕೆ ಹೋದಾಗ ಅತ್ತಿಗೆಯರು ಅವಳನ್ನು ಗೋಳುಹೊಯ್ದುಕೊಳ್ಳುತ್ತಾರೆ. ತೂತು ಕೊಡದಲ್ಲಿ ನೀರು ತಾ ಅನ್ನುತ್ತಾರೆ, ಕಪ್ಪೆಯೊಂದು ಬಂದು ತೂತಿಗೆ ಅಡ್ಡ ಕೂರುತ್ತೆ. ಹಗ್ಗ ಇಲ್ಲದೆ ಸೌದೆ ಹೊರೆ ಕಟ್ಟಿಕೊಂಡು ಬಾ ಅನ್ನುತ್ತಾರೆ, ಹಾವು ಬಂದು ಹಗ್ಗವಾಗುತ್ತೆ. ಕೊನೆಗೆ ಕುದುರೆ ಮೇಲೆ ಬಂದ ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಈ ಕಥೆಯ ತುಂಡುಗಳನ್ನು ನೀವೂ ಎಲ್ಲೋ ಕೇಳಿರುತ್ತೀರಿ. ನಮ್ಮ ದೇಶದ ಬೇರೆ ಬೇರೆ ಮೂಲೆಗಳಲ್ಲಿ ಇಂಥ ಕಪ್ಪೆ, ಇಂಥ ಹಾವು ಇದ್ದೇ ಇದಾವೆ.

ಜನಪದ ಕಥೆಗಳನ್ನು ದಾಖಲು ಮಾಡುವ ಕೆಲಸ ನನ್ನದು. ದಾಖಲೆ ಅಂದರೆ ಸುಮ್ನೆ ರೆಕಾರ್ಡ್ ಮಾಡಿ ಇಟ್ಟುಬಿಡುವುದಲ್ಲ. ಧ್ವನಿಯನ್ನು ಕಂಪ್ಯೂಟರಿಗೆ ಹಾಕಿ, ಈಲಾನ್ ಅನ್ನುವ ತಂತ್ರಾಂಶದಲ್ಲಿ ಒಂದೊಂದು ಮಾತನ್ನೂ ಕತ್ತರಿಸಿ ಗುರುತು ಹಾಕಬೇಕು. ಪ್ರತಿ ತುಂಡಿನ ಕೆಳಗೂ ನಾಲ್ಕು ಸಾಲು. ಮೊದಲನೆಯದರಲ್ಲಿ ಕಿವಿಗೆ ಬಿದ್ದದ್ದು ಬಿದ್ದ ಹಾಗೆ. ಎರಡನೆಯದರಲ್ಲಿ ಅದೇ ಮಾತು, ಪದ ಪ್ರತ್ಯಯ ಬಿಡಿಸಿ. ಮೂರನೆಯದರಲ್ಲಿ ಒಂದೊಂದು ಬಿಡಿ ತುಂಡಿನ ಅರ್ಥ. ನಾಲ್ಕನೆಯದರಲ್ಲಿ ಇಡೀ ವಾಕ್ಯದ ಇಂಗ್ಲಿಷ್ ಅನುವಾದ. ಒಂದು ನಿಮಿಷದ ಮಾತಿಗೆ ಗಂಟೆಗಟ್ಟಲೆ ಹಿಡಿಯುತ್ತೆ. ಹಾಗಾಗಿ ಕಥೆ ಕೇಳುವಾಗ ಕಿವಿ ತಪ್ಪಿಸಿಕೊಂಡದ್ದು ಇಲ್ಲಿ ಬಂದು ಕಾಲು ಹಿಡಿದುಕೊಳ್ಳುತ್ತೆ.

ಆ ಕಥೆಯಲ್ಲಿ ಕಾಲು ಹಿಡಿದುಕೊಂಡದ್ದು ಮದುವೆಯ ಭಾಗ. ಅಜ್ಜಿ ಹೇಳಿದ್ದು ಹೀಗೆ:

"ಚಪ್ಪರ ಹಾಕಿದ್ರಂತೆ. ಊರಿಗೂರೇ ಬಂದಿತ್ತಂತೆ. ಸೋದರಮಾವ ತೊಡೆ ಮೇಲೆ ಕೂರಿಸ್ಕಂಡಿದ್ನಂತೆ. ಧಾರೆ ಎರಿಯೋವಾಗ ನಿದ್ದೆ ಮಾಡ್ತಿದ್ನಂತೆ. ಎಬ್ಬಿಸಿದ್ರಂತೆ. ಎದ್ದು, ಅವ್ವ ಎಲ್ಲಿ ಅಂದ್ನಂತೆ."

ಯಾರು ನಿದ್ದೆ ಮಾಡ್ತಿದ್ದದ್ದು? ಕಥೆಯ ಹುಡುಗಿಯಾದರೆ "ಮಾಡ್ತಿದ್ಲಂತೆ" ಅನ್ನಬೇಕು. ಅಲ್ಲಿಯವರೆಗೂ ಅಜ್ಜಿ ಹಾಗೇ ಹೇಳಿಕೊಂಡು ಬಂದಿದ್ದರು. ಹೋದ್ಲಂತೆ, ಅತ್ಲಂತೆ, ಕೊಡ ಇಳಿಸಿದ್ಲಂತೆ. ಇಲ್ಲಿ ಮಾತ್ರ ನಕಾರ. ಹಾಗಾದರೆ ಮಲಗಿದ್ದು ಗಂಡಸು. ಹಿಂದಿನ ವಾಕ್ಯದಲ್ಲಿ ಬಂದ ಗಂಡಸು ಸೋದರಮಾವ. ಮಾವ ಧಾರೆ ಹೊತ್ತಿಗೆ ತೂಕಡಿಸಿದ ಅಂತಿಟ್ಟುಕೊಳ್ಳೋಣ, ಮದುವೆ ಮನೆಯಲ್ಲಿ ಅದೇನು ಹೊಸದಲ್ಲ. ಆದರೆ ಎದ್ದ ತಕ್ಷಣ ಅವನು "ಅವ್ವ ಎಲ್ಲಿ" ಅಂತ ಯಾಕೆ ಕೇಳುತ್ತಾನೆ? ಮದುಮಗನೇ ಇರಬಹುದಾ? ಅವನು ಕುದುರೆ ಏರಿ ಏಳು ಊರು ದಾಟಿ ಬಂದವನು. ಅವನೂ ಮಂಟಪದಲ್ಲಿ ನಿದ್ದೆ ಮಾಡಿ ಅವ್ವನನ್ನು ಕೇಳುವ ಪೈಕಿ ಅಲ್ಲ.

ಮೂರನೇ ಸಾಲು ತುಂಬಲು ಆಗಲಿಲ್ಲ. ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋದೆ.

ಇಂಥ ಕಡೆ ಮೊದಲು ಅನುಮಾನ ಪಡಬೇಕಾದ್ದು ಕಿವಿಯನ್ನೇ. ಬೇಗ ಮಾತಾಡುವಾಗ "ದ್ಲ" ಮತ್ತು "ದ್ನ" ತುಂಬ ಹತ್ತಿರ. ಎರಡಕ್ಕೂ ನಾಲಿಗೆ ತುದಿ ಹೆಚ್ಚುಕಡಿಮೆ ಒಂದೇ ಜಾಗ ಮುಟ್ಟುತ್ತೆ. ಒಂದರಲ್ಲಿ ಗಾಳಿ ನಾಲಿಗೆಯ ಪಕ್ಕದಿಂದ ಜಾರುತ್ತೆ, ಇನ್ನೊಂದರಲ್ಲಿ ಮೂಗಿನಿಂದ. ಅಜ್ಜಿಗೆ ಮುಂದಿನ ಹಲ್ಲುಗಳೂ ಇರಲಿಲ್ಲ. ಅದಕ್ಕೆ ಆ ಒಂದು ಪದವನ್ನು ಮಾತ್ರ ಕತ್ತರಿಸಿ, ಹಿಂದೆ ಮುಂದೆ ಏನೂ ಕೇಳಿಸದೆ, ಅದೇ ಸೀಮೆಯ ಇಬ್ಬರಿಗೆ ಬೇರೆ ಬೇರೆಯಾಗಿ ಕೇಳಿಸಿದೆ. ಕಥೆ ಗೊತ್ತಿದ್ದವರ ಕಿವಿಗೆ ಕಥೆಗೆ ಹೊಂದುವ ಅಕ್ಷರವೇ ಕೇಳಿಸುತ್ತೆ. ಹಾಗಾಗಿ ಗೊತ್ತಿಲ್ಲದವರೇ ಬೇಕು. ಇಬ್ಬರೂ "ಮಾಡ್ತಿದ್ನಂತೆ" ಅಂತಲೇ ಬರೆದರು. ಕಿವಿಯ ತಪ್ಪಲ್ಲ ಅಂತಾಯಿತು.

ರೆಕಾರ್ಡಿಂಗಿನಲ್ಲಿ ಇನ್ನೊಂದು ಸುಳಿವಿತ್ತು. ಕಥೆ ಹೇಳುವಾಗ ಅಜ್ಜಿ ಕಡ್ಲೆಕಾಯಿ ಬಿಡಿಸುತ್ತಿದ್ದರು. ಮುಂದಿನ ಬಿತ್ತನೆಗೆ ಬೀಜ ಆಗಬೇಕಿತ್ತು, ಕೆಲಸ ಬಿಟ್ಟು ಕಥೆ ಹೇಳುವ ಪುರುಸೊತ್ತು ಯಾರಿಗಿದೆ? ಮೈಕಿಗೆ ಆ ಟಪ್ ಟಪ್ ಸದ್ದು ದೊಡ್ಡ ಕಾಟ. ಅದನ್ನು ಕಡಿಮೆ ಮಾಡಲು ಸಣ್ಣ ಮೈಕನ್ನು ಸೆರಗಿನ ಮೇಲ್ಭಾಗಕ್ಕೆ ಸಿಕ್ಕಿಸಿದ್ದೆ, ಮೊರದ ಕೆಳಗೆ ಗೋಣಿಚೀಲ ಹಾಸಿದ್ದೆ. ಅಷ್ಟಾದರೂ ಕಥೆ ಪೂರ್ತಿ ಟಪ್ ಟಪ್. ಆ ನಾಲ್ಕು ಮಾತಿನ ಹತ್ತಿರ ಮಾತ್ರ ಸದ್ದು ನಿಂತಿದೆ. "ತೊಡೆ ಮೇಲೆ" ಅನ್ನುವಾಗ ನಿಂತು, "ಅವ್ವ ಎಲ್ಲಿ" ಮುಗಿದ ಮೇಲೆ ಮತ್ತೆ ಶುರುವಾಗಿದೆ. ಬೇಡದ ಸದ್ದು ಅಂತ ನಾವು ಒದ್ದಾಡಿ ಅಳಿಸುವಂಥದ್ದೇ ಕೆಲವು ಸಲ ಸಾಕ್ಷಿ ಹೇಳುತ್ತೆ.

ಮೂರನೆಯ ಸಾಧ್ಯತೆ ಹೊಳೆದದ್ದು ಆಮೇಲೆ. ಆಡುಮಾತಿನಲ್ಲಿ "ಇದ್ನಂತೆ" ಅನ್ನುವುದು ಇಬ್ಬರಿಗೆ ಸಲ್ಲುತ್ತೆ. "ಅವನು ಇದ್ದನು" ಜತೆ "ಅಂತೆ" ಸೇರಿದರೆ ಇದ್ನಂತೆ. "ನಾನು ಇದ್ದೆನು" ಜತೆ "ಅಂತೆ" ಸೇರಿದರೂ ನಡುವಿನ ಎಕಾರ ಬಿದ್ದುಹೋಗಿ ಅದೇ ಇದ್ನಂತೆ. "ಚಿಕ್ಕವಳಿದ್ದಾಗ ನಾನು ಮಣ್ಣು ತಿಂತಿದ್ನಂತೆ" ಅಂತ ನಾವೆಲ್ಲ ಹೇಳುತ್ತೇವಲ್ಲ, ಆ ಇದ್ನಂತೆ. "ನಾನು" ಅನ್ನುವ ಪದ ಬಿಟ್ಟರೆ, ಹೇಳುತ್ತಿರುವುದು ತನ್ನ ಬಗ್ಗೆಯೋ ಯಾವನೋ ಗಂಡಸಿನ ಬಗ್ಗೆಯೋ ಗೊತ್ತಾಗುವುದಿಲ್ಲ. ಕನ್ನಡದಲ್ಲಿ "ನಾನು" ಬಿಡುವುದು ದಿನನಿತ್ಯದ ಮಾತು.

ಹಾಗಾದರೆ ಅಜ್ಜಿ ಕಥೆಯ ಮಧ್ಯೆ, ಏನೂ ಸೂಚನೆ ಕೊಡದೆ, ತನ್ನ ಮದುವೆಗೆ ದಾಟಿಬಿಟ್ಟಿದ್ದರಾ?

ಇಲ್ಲಿ ಈ "ಅಂತೆ"ಯ ಬಗ್ಗೆ ಸ್ವಲ್ಪ ಹೇಳಬೇಕು. ನಮಗೆ ಹುಟ್ಟಿನಿಂದ ನಾಲಿಗೆ ಮೇಲಿರುವ ಪದ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರಿನ ಮೂರನೇ ಸಾಲಿನಲ್ಲಿ ಅದರ ಅರ್ಥ ಬರೆಯಲು ಹೋದಾಗ ಕಷ್ಟ ಗೊತ್ತಾಗುತ್ತೆ. ಆ ಸಾಲಿಗೆ ಭಾಷಾವಿಜ್ಞಾನಿಗಳು ಬಳಸುವ ಲೈಪ್‌ಜಿಗ್ ನಿಯಮಗಳು ಅಂತ ಇವೆ. ಭೂತಕಾಲಕ್ಕೆ ಈ ಗುರುತು, ಷಷ್ಠಿಗೆ ಆ ಗುರುತು ಅಂತ ಪಟ್ಟಿ. ಅದರಲ್ಲಿ QUOT ಅನ್ನುವ ಗುರುತಿದೆ, ಬೇರೆಯವರ ಮಾತನ್ನು ಎತ್ತಿ ಹೇಳುವುದಕ್ಕೆ. ನಮ್ಮ "ಅಂತ"ಕ್ಕೆ ಅದು ಸರಿಹೊಂದುತ್ತೆ: "ನಾಳೆ ಬರ್ತೀನಿ ಅಂತ ಹೇಳಿದ." ಇಲ್ಲಿ ಅವನ ಬಾಯಿಂದ ಬಂದ "ಬರ್ತೀನಿ" ಹಾಗೇ ಉಳಿದಿದೆ. "ನಾಳೆ ಬರ್ತಾನಂತೆ" ಅಂದರೆ ಅವನ ಮಾತು ಉಳಿಯಲಿಲ್ಲ, ಸುದ್ದಿ ಮಾತ್ರ ಬಂತು. ಯಾರು ಹೇಳಿದರು ಅನ್ನುವುದೂ ಬೇಕಿಲ್ಲ. ಕಿವಿಯಿಂದ ಬಂದ ಸುದ್ದಿಗೆ ಆ ಪಟ್ಟಿಯಲ್ಲಿ ಬೇರೆ ಗುರುತಿಲ್ಲ. ಬೇಕಾದವರು ತಾವೇ ಒಂದು ಕಟ್ಟಿಕೊಳ್ಳಬೇಕು.

ಕಟ್ಟಿಕೊಳ್ಳಬಹುದು. ಆದರೆ ಅಂತೆ ಒಂದೇ ಕೆಲಸ ಮಾಡುವ ಪದವೂ ಅಲ್ಲ. "ಮಳೆ ಬಂದಂತಿದೆ" ಅಂದರೆ ಅಂಗಳ ಒದ್ದೆಯಾಗಿರುವುದನ್ನು ನೋಡಿ ಹೇಳುವ ಮಾತು. "ಮಳೆ ಬಂತಂತೆ" ಅಂದರೆ ಫೋನಿನಲ್ಲಿ ಯಾರೋ ಹೇಳಿದ್ದು. ಇವೆರಡೂ ಬೇರೆ ಬೇರೆ ಅಂತೆಗಳು. ಮೊದಲನೆಯದು "ಹೂವಿನಂತೆ" ಅನ್ನುವಾಗ ಬರುವ, ಹೋಲಿಕೆಯ ಅಂತೆ. ಅದು "ಬಂದ"ಕ್ಕೆ ಅಂಟಿಕೊಳ್ಳುತ್ತೆ. ಎರಡನೆಯದು ಪೂರ್ತಿಯಾದ "ಬಂತು"ವಿಗೆ ಅಂಟಿಕೊಳ್ಳುತ್ತೆ. ಅಂತೆ ಯಾವುದಕ್ಕೆ ಅಂಟಿದೆ ನೋಡಿದರೆ ಯಾವ ಅಂತೆ ಅಂತ ಹೇಳಬಹುದು. ಇದರ ಮೇಲೆ ಮೂರನೆಯದೊಂದಿದೆ. "ಇರಿ, ಉಂಡ್ಕೊಂಡು ಹೋಗುವಿರಂತೆ." "ಅಳಬೇಡ, ನಾಳೆ ಜಾತ್ರೆಗೆ ಹೋಗೋಣಂತೆ." ಇಲ್ಲಿ ಯಾರೂ ಯಾರಿಂದಲೂ ಏನೂ ಕೇಳಿಲ್ಲ. ಇದು ಪುಸಲಾಯಿಸುವ ಅಂತೆ. ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕು ಅಂದರೆ ಧ್ವನಿ ಬದಲಾಯಿಸಬೇಕೇ ಹೊರತು ಪದ ಸಿಗುವುದಿಲ್ಲ.

ಕೇಳಿದ ಸುದ್ದಿಯ ಅಂತೆ ನಮ್ಮೊಬ್ಬರ ಆಸ್ತಿಯಲ್ಲ. ತೆಲುಗರಿಗೆ "ಅಟ" ಇದೆ, ತಮಿಳರಿಗೆ "ಆಮ್", ತುಳುವರಿಗೆ "ಗೆ", ಮರಾಠಿಯಲ್ಲಿ "ಮ್ಹಣೆ". ಅಜ್ಜಿ ಕಥೆ ಶುರುವಾಗುವುದೂ ಇದರಿಂದಲೇ: ಒಂದೂರಲ್ಲಿ ಒಬ್ಬ ರಾಜ ಇದ್ನಂತೆ. ದೂರದ ಟರ್ಕಿಯಲ್ಲೂ ಕಥೆಗಳು ಇಂಥದೇ ಒಂದು ಪ್ರತ್ಯಯ ಹಚ್ಚಿಕೊಂಡು ಶುರುವಾಗುತ್ತವೆ. ಅಲ್ಲಿಯವರು ತಮ್ಮ ಹುಟ್ಟಿನ ಬಗ್ಗೆ, ನೆನಪಿಲ್ಲದ ಬಾಲ್ಯದ ಬಗ್ಗೆ ಹೇಳುವಾಗಲೂ ಅದೇ ಪ್ರತ್ಯಯ ಹಚ್ಚುತ್ತಾರೆ, ನಾವು ಮಣ್ಣು ತಿಂದದ್ದನ್ನು ಹೇಳುವ ಹಾಗೆ.

"ಅಂತೆ ಕಂತೆ" ಅನ್ನುವ ನಮ್ಮ ಮಾತು ಇದಕ್ಕೆ ಸುಮ್ನೆ ಕೆಟ್ಟ ಹೆಸರು ತಂದಿದೆ. ಅಂತೆ ಅಂದರೆ ನಂಬಿಕೆಗೆ ಅರ್ಹವಲ್ಲದ್ದು ಅಂತ ಓದಿದವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. "ಅಪ್ಪ ಕರೀತಿದಾರೆ, ಈಗಲೇ ಬರ್ಬೇಕಂತೆ" ಅಂದಾಗ ಯಾವ ಹುಡುಗನೂ ಅನುಮಾನಪಟ್ಟು ಕೂರುವುದಿಲ್ಲ, ಓಡುತ್ತಾನೆ. ಈ ಮಾತು ನನ್ನದಲ್ಲ, ಬೇರೆ ಕಡೆಯಿಂದ ಬಂದದ್ದು ಅನ್ನುವುದಷ್ಟೇ ಅಂತೆಯ ಕೆಲಸ. ನಂಬುವುದು ಬಿಡುವುದು ಬೇರೆ ಲೆಕ್ಕ. ಪತ್ರಿಕೆಯವರ "ಎನ್ನಲಾಗಿದೆ" ಇದಕ್ಕೆ ಬದಲಿ ಅಂತ ತೋರುತ್ತೆ, ಆದರೆ ಅದರಲ್ಲಿ ವಕೀಲರ ನೋಟಿಸಿನ ಭಯ ಜಾಸ್ತಿ. ಅಜ್ಜಿಯರು ಯಾರಿಗೆ ಹೆದರಬೇಕು?

ಮತ್ತೆ ಹಳ್ಳಿಗೆ ಹೋದೆ. ಹೇಳಿದವರಿಗೇ ಅವರ ಧ್ವನಿ ಕೇಳಿಸಿ ಕೇಳುವುದು ಈ ಕೆಲಸದ ಮಾಮೂಲಿ ಹೆಜ್ಜೆ. ಕೇಳುವ ರೀತಿಯಲ್ಲಿ ಮಾತ್ರ ಎಚ್ಚರ ಬೇಕು. "ಅಜ್ಜಿ, ಇದು ನಿಮ್ಮ ಮದುವೆ ಅಲ್ವಾ?" ಅಂದರೆ, ಬಂದವಳಿಗೆ ಯಾಕೆ ಬೇಜಾರು ಅಂತ ಹೌದು ಅಂದುಬಿಡುತ್ತಾರೆ. "ಅಂತೆ ಅಂದರೆ ಏನು?" ಅಂತ ಕೇಳಿದರೆ ಇನ್ನೂ ಕೆಟ್ಟದು. ಯಾರಿಗೂ ತಮ್ಮ ಭಾಷೆಯ ಪ್ರತ್ಯಯಕ್ಕೆ ಅರ್ಥ ಹೇಳಲು ಬರುವುದಿಲ್ಲ, ನನಗೂ ಬರುವುದಿಲ್ಲ. ಹಾಗಾಗಿ ಆ ತುಂಡು ಕೇಳಿಸಿ, ಬೇರೇನೂ ಸೇರಿಸದೆ, "ಯಾರು ನಿದ್ದೆ ಮಾಡ್ತಿದ್ದದ್ದು?" ಅಂದೆ.

"ಇನ್ಯಾರು, ನಾನೇಯ" ಅಂದರು. "ಗಂಡು ಎಚ್ರವಾಗೇ ಇದ್ನಂತೆ. ಬೆಲ್ಲದ ಚೂರು ಚೀಪ್ತಿದ್ನಂತೆ."

ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಕಿಸಕ್ಕನೆ ನಕ್ಕಳು. ರೆಕಾರ್ಡಿಂಗಿನಲ್ಲಿ ಹೂಂಗುಟ್ಟಿದವಳು ಅವಳೇ. ನಮಗೆ ಕೊಡುವ ತರಬೇತಿಯಲ್ಲಿ, ಮಾತಾಡುವವರ ಮೇಲೆ ನಿಮ್ಮ ಧ್ವನಿ ಬೀಳಬಾರದು, ಬಾಯಿ ಮುಚ್ಚಿಕೊಂಡು ತಲೆ ಆಡಿಸಿ ಅಂತ ಹೇಳುತ್ತಾರೆ. ಹೂಂ ಅನ್ನದವರಿಗೆ ನಮ್ಮ ಅಜ್ಜಿಯರು ಕಥೆ ಹೇಳುವುದೇ ಇಲ್ಲ. ನಾಲ್ಕು ಮಾತಾಡಿ, "ಕೇಳ್ತಿದ್ಯೋ, ಮಲಗಿದ್ಯೋ?" ಅಂತ ನಿಲ್ಲಿಸಿಬಿಡುತ್ತಾರೆ. ಅದಕ್ಕೇ ಹೂಂ ಅನ್ನಲು ಒಬ್ಬರನ್ನು ಕೂರಿಸಿ, ಅವರ ಮೈಕು ಬೇರೆ ಮಾಡಿ, ಎರಡು ಧ್ವನಿ ಎರಡು ಕಡೆ ಬೀಳುವ ಹಾಗೆ ಮಾಡಿಕೊಳ್ಳುವುದು. ಆ ಹುಡುಗಿಗೆ ಅವತ್ತು ಆ ಜಾಗದಲ್ಲಿ ಏನೂ ಗೊಂದಲ ಆಗಿರಲಿಲ್ಲ. ಅಜ್ಜಿ ಮದುವೆ ಕಥೆ ಅವಳಿಗೆ ಮೊದಲೇ ಗೊತ್ತು. ರೆಕಾರ್ಡಿಂಗ್ ಮತ್ತೆ ಕೇಳಿದರೆ ಗೊತ್ತಾಗುತ್ತೆ, ಅವಳ ಹೂಂ ಕೂಡ ಆ ನಾಲ್ಕು ಮಾತಿಗೆ ಬೇರೆ ರಾಗದಲ್ಲಿದೆ.

"ನಿಮಗೆ ನೆನಪಿದೆಯಾ ಅಜ್ಜಿ?" ಅಂದೆ.

"ಎಲ್ಲಿ ನೆಪ್ಪು? ಐದು ವರ್ಸಾನೋ ಆರೋ. ನೆಪ್ಪಿದ್ದಿದ್ರೆ ನಿದ್ದೆ ಮಾಡ್ತಿದ್ದೆ ಅಂತಿದ್ದೆ. ನಮ್ಮತ್ತೆ ಹೇಳ್ತಿತ್ತು."

ಈ ಉತ್ತರ ಸಿಕ್ಕಿದ ಮೇಲೆ ಎದ್ದು ಬರಬಹುದಿತ್ತು. ಆದರೆ ಒಂದು ಮಾತಿನ ಮೇಲೆ ನಿಯಮ ಕಟ್ಟಬಾರದು. ಅದಕ್ಕೆ ನಾವೇ ವಾಕ್ಯ ಮಾಡಿ ಹೇಳಿ, ಹೀಗೆ ಅನ್ನಬಹುದಾ ಅಂತ ನೋಡುವ ಒಂದು ಪದ್ಧತಿ ಇದೆ. ಸರಿಯೋ ತಪ್ಪೋ ಅಂತ ಕೇಳುವುದಕ್ಕಿಂತ ಮುಖ ನೋಡುವುದು ಮೇಲು. ನಾನು ಗಂಭೀರವಾಗಿ, "ಅಜ್ಜಿ, ನಿನ್ನೆ ನಾನು ಶಿರಾ ಸಂತೆಗೆ ಹೋಗಿದ್ನಂತೆ" ಅಂದೆ.

ಅಜ್ಜಿ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ಹೋಗಿದ್ಯೋ ಇಲ್ವೋ ನಿಂಗೇ ಗೊತ್ತಿಲ್ವೇನವ್ವ? ಏನಾಗೈತೆ ನಿಂಗೆ?"

ಸರಿ, ಎಚ್ಚರವಾಗಿದ್ದವಳು ನಿನ್ನೆಯ ತನ್ನ ಕೆಲಸಕ್ಕೆ ಅಂತೆ ಹಚ್ಚುವ ಹಾಗಿಲ್ಲ. ಇನ್ನೊಂದು ಹಾಕಿದೆ. "ನಾನು ಸಂತೆಗೆ ಹೋಗಿದ್ನಂತೆ. ಅಲ್ಲಿ ನಿಮ್ಮ ಸೊಸೆ ಜತೆ ಜಗಳ ಆಡಿದ್ನಂತೆ."

ಈ ಸಲ ಅವರಿಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ತಕ್ಷಣ ಸಿಟ್ಟಿನಿಂದ, "ಯಾವಳು ಹಂಗಂದಿದ್ದು?" ಅಂದರು. ಅದೇ ನಾನು, ಅದೇ ಸಂತೆ, ಅದೇ ಅಂತೆ. ಆದರೆ ಜಗಳ ಸೇರಿದ್ದೇ ತಡ, ಯಾರೋ ನನ್ನ ಮೇಲೆ ಹೊರಿಸಿದ ಚಾಡಿ, ನಾನು ಅದನ್ನು ಒಪ್ಪುತ್ತಿಲ್ಲ ಅಂತ ಅರ್ಥವಾಯಿತು. "ನಾನು" ಜತೆ ಅಂತೆ ಬಂದರೆ ಎರಡೇ ದಾರಿ. ಒಂದೋ ನನಗೆ ಆಗ ಬುದ್ಧಿ ಇರಲಿಲ್ಲ, ಎಳೆಮಗುವಾಗಿದ್ದೆ, ನಿದ್ದೆಯಲ್ಲಿದ್ದೆ, ಜ್ವರದಲ್ಲಿದ್ದೆ. ಇಲ್ಲವೋ ಆ ಮಾತನ್ನು ನಾನು ಒಪ್ಪುವುದಿಲ್ಲ. ಅಜ್ಜಿಯ ಮದುವೆಯ ಮಾತು ಮೊದಲನೆಯ ದಾರಿಯದು. ಎರಡನೆಯದರ ನೆರಳು ಅದರ ಮೇಲೆ ಎಷ್ಟು ಬಿದ್ದಿದೆ ಅಂತ ನನಗೆ ಹೇಳಲಾಗದು. ಅಂಥದ್ದನ್ನು ವಾಕ್ಯ ಮಾಡಿ ಪರೀಕ್ಷಿಸಲು ಬರುವುದಿಲ್ಲ.

ಇಲ್ಲಿ ಒಂದು ತಡೆ ಇದೆ, ಅದನ್ನೂ ಹೇಳಬೇಕು. ಅಂತೆ ಇರುವ ಕಡೆ ನಾನು ಅರ್ಥ ಹುಡುಕಿದೆ. ಇಲ್ಲದ ಕಡೆ ಹುಡುಕಬಾರದು. ಕಥೆಯಲ್ಲಿ ಎಷ್ಟೋ ಕಡೆ ಅಜ್ಜಿ ಅಂತೆ ಬಿಟ್ಟಿದ್ದಾರೆ. "ಹಾವು ಬತ್ತೈತೆ, ಸೌದೆ ಸುತ್ಕಂತೈತೆ." ಹಾಗಂತ ಹಾವನ್ನು ಅವರು ಕಣ್ಣಾರೆ ಕಂಡಿದ್ದರು ಅಂತಲ್ಲ. ಕಥೆ ಓಟಕ್ಕೆ ಬಿದ್ದಾಗ ಅಂತೆ ಉದುರುತ್ತೆ, ಆಗಿಹೋದದ್ದು ಈಗ ಆಗುತ್ತಿರುವ ಹಾಗೆ ಬದಲಾಗುತ್ತೆ. ಪಾತ್ರಗಳು ಮಾತಾಡುವಾಗಲೂ ಉದುರುತ್ತೆ. ಕೆಲವು ಭಾಷೆಗಳಲ್ಲಿ ಹೀಗೆ ಬಿಡುವುದಕ್ಕೇ ಆಗುವುದಿಲ್ಲ. ಬ್ರೆಜಿಲ್ಲಿನ ತರಿಯಾನಾ ಭಾಷೆಯವರು ಕಂಡದ್ದೋ, ಬರಿ ಕಿವಿಗೆ ಬಿದ್ದದ್ದೋ, ಊಹಿಸಿದ್ದೋ, ಯಾರೋ ಹೇಳಿದ್ದೋ ಅಂತ ಕ್ರಿಯಾಪದದಲ್ಲೇ ತೋರಿಸಲೇಬೇಕು. ಅಲ್ಲಿ ಪ್ರತಿ ವಾಕ್ಯವೂ ಲೆಕ್ಕ ಒಪ್ಪಿಸುತ್ತೆ. ಕನ್ನಡದಲ್ಲಿ ಅಂತೆ ಬೇಕಾದರೆ ಹಾಕು, ಬೇಡವಾದರೆ ಬಿಡು. ಹಾಗಾಗಿ ಬಿಟ್ಟದ್ದಕ್ಕೆ ಹತ್ತು ಕಾರಣ ಇರುತ್ತೆ, ಹಾಕಿದ್ದನ್ನು ಮಾತ್ರ ನಂಬಬಹುದು.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ನಾವು ಕೇಳಿ ತಿಳಿದದ್ದಕ್ಕೆಲ್ಲ ಕೊನೆಯವರೆಗೂ ಅಂತೆ ಹಚ್ಚುತ್ತಾ ಹೋಗುವುದಿಲ್ಲ. ಬೆಳಿಗ್ಗೆ ಫೋನ್ ಬಂದಾಗ "ದೊಡ್ಡಪ್ಪ ಹೋಗ್ಬಿಟ್ರಂತೆ" ಅನ್ನುತ್ತೇವೆ. ತಿಥಿ ಹೊತ್ತಿಗೆ "ದೊಡ್ಡಪ್ಪ ಹೋದ್ರಲ್ಲ, ಆವಾಗ" ಆಗಿರುತ್ತೆ. ನಾವು ಹೋಗಿ ನೋಡದೇ ಇದ್ದರೂ ಅಷ್ಟೇ. ಗಾಂಧೀಜಿ 1948ರಲ್ಲಿ ತೀರಿಕೊಂಡರು ಅಂತೇವೆಯೇ ಹೊರತು ತೀರಿಕೊಂಡರಂತೆ ಅನ್ನುವುದಿಲ್ಲ. ಸುದ್ದಿ ಹಳೆಯದಾಗಿ, ಎಲ್ಲರದೂ ಆಗಿ, ನಮ್ಮದೂ ಆದಾಗ ಅಂತೆ ತಾನಾಗಿ ಕಳಚಿಕೊಳ್ಳುತ್ತೆ. ಅಜ್ಜಿಗೆ ಆ ಮದುವೆಯಾಗಿ ಎಪ್ಪತ್ತು ವರ್ಷ ದಾಟಿದೆ. ಅದೇ ಗಂಡನ ಜತೆ ಬಾಳಿ, ಮಕ್ಕಳನ್ನು ಹೆತ್ತು, ಅವನನ್ನು ಮಣ್ಣು ಮಾಡಿ ಆಗಿದೆ. ಮದುವೆಯ ಉಳಿದ ವಿಷಯ ಬಂದಾಗ ಅವರು ಅಂತೆ ಹಚ್ಚುವುದಿಲ್ಲ. "ಮೈ ನೆರೆದ ಮೇಲೆ ಈ ಮನೆಗೆ ಬಂದೆ" ಅಂತ ನೇರವಾಗಿ ಹೇಳುತ್ತಾರೆ. ಆ ಧಾರೆಯ ಹೊತ್ತಿನ ನಾಲ್ಕು ಮಾತಿಗೆ ಮಾತ್ರ ಅಂತೆ ಕಳಚಿಲ್ಲ.

ಈಗ ನಾಲ್ಕನೇ ಸಾಲು, ಇಂಗ್ಲಿಷ್. ಕಥೆಗಳನ್ನು ಇಡುವ ಸಂಗ್ರಹಾಲಯಕ್ಕೆ ಅದು ಬೇಕೇ ಬೇಕು. ಪ್ರತಿ ವಾಕ್ಯಕ್ಕೂ "ಎಂದು ಹೇಳುತ್ತಾರೆ" ಅಂತ ಇಂಗ್ಲಿಷಿನಲ್ಲಿ ಹಾಕಿದರೆ ಓದುವವರು ಎರಡನೇ ಪುಟಕ್ಕೆ ಎದ್ದು ಹೋಗುತ್ತಾರೆ. ಅದಕ್ಕೆ ಎಲ್ಲರೂ ಮಾಡುವುದು ಒಂದೇ: ಕಥೆಯ ಮೊದಲ ವಾಕ್ಯಕ್ಕೆ ಒಂದು "ಒಂದಾನೊಂದು ಕಾಲದಲ್ಲಿ" ಇಟ್ಟು, ಮುಂದಿನ ಅಂತೆಗಳನ್ನೆಲ್ಲ ಕೈಬಿಡುವುದು. ಅದು ಸರಿಯಾದ ಕೆಲಸವೇ. ನಾನೂ ಹಾಗೇ ಮಾಡಿಕೊಂಡು ಬಂದಿದ್ದೆ. ಮದುವೆಯ ಮಾತಿಗೆ ಬಂದಾಗ, "ನಾನು ನಿದ್ದೆ ಮಾಡುತ್ತಿದ್ದೆನೆಂದು ಹೇಳುತ್ತಾರೆ" ಅನ್ನುವುದನ್ನು ಇಂಗ್ಲಿಷಿನಲ್ಲಿ ಸಲೀಸಾಗಿ ಹೇಳಬಹುದು. ಅನುವಾದ ಆಯಿತಲ್ಲ, ಇನ್ನೇನು ತೊಂದರೆ?

ತೊಂದರೆ ಏನೆಂದರೆ, ಹಾಗೆ ಬರೆದ ಕೂಡಲೇ ಕಥೆ ಆ ಜಾಗದಲ್ಲಿ ಹರಿದುಹೋಗುತ್ತೆ. ಇಂಗ್ಲಿಷಿನಲ್ಲಿ ಕಥೆಯ ಹುಡುಗಿಗೆ ಒಂದು ದಾರ, ಅಜ್ಜಿಗೆ ಇನ್ನೊಂದು ದಾರ. ಅಜ್ಜಿಯ ಬಾಯಲ್ಲಿ ಇದ್ದದ್ದು ಒಂದೇ ದಾರ. ಕಪ್ಪೆ ತೂತಿಗೆ ಅಡ್ಡ ಕೂತದ್ದೂ ಅಂತೆ, ಸೋದರಮಾವ ತೊಡೆ ಮೇಲೆ ಕೂರಿಸಿಕೊಂಡದ್ದೂ ಅಂತೆ. ಆ ತೊಡೆ ಯಾರದು, ಕಥೆಯ ಹುಡುಗಿಯ ಮಾವನದೋ ಅಜ್ಜಿಯ ಮಾವನದೋ, ನನಗೆ ಈಗಲೂ ಖಚಿತವಿಲ್ಲ. ಚಪ್ಪರ ಯಾರ ಮನೆಯದು? ಕಡ್ಲೆಕಾಯಿ ಸದ್ದು "ತೊಡೆ" ಹತ್ತಿರ ನಿಂತಿದೆ ಅನ್ನುವುದರ ಮೇಲೆ ಅಲ್ಲಿಂದ ಅಜ್ಜಿಯದು ಅಂತ ಗೆರೆ ಎಳೆಯಬಹುದು. ಆದರೆ ಮಾತಿನೊಳಗೆ ಗೆರೆ ಇಲ್ಲ. ಒಂದೊಂದೇ ಅಂತೆಯನ್ನು ತೆಗೆದು ಇಟ್ಟರೆ ಎಲ್ಲದಕ್ಕೂ ಇಂಗ್ಲಿಷ್ ಸಿಗುತ್ತೆ. ಎರಡಕ್ಕೂ ಒಂದೇ ಪದ ಸಿಗುವುದಿಲ್ಲ.

ಇಂಗ್ಲಿಷನ್ನು ಬೈದು ಮುಗಿಸಬಹುದಿತ್ತು, ನಮಗೆ ಅದು ಇಷ್ಟವೂ ಕೂಡ. ಆದರೆ ಅದೇ ಕಥೆಯನ್ನು ಕನ್ನಡದಲ್ಲೇ ಪುಸ್ತಕಕ್ಕೆ ಹಾಕುವ ಮಾತು ಬಂತು. ಸಂಪಾದಕರು ಪಾತ್ರಗಳ ಮಾತು ಬಿಟ್ಟು ಉಳಿದದ್ದು ಶಿಷ್ಟ ಕನ್ನಡದಲ್ಲಿರಲಿ, ಎಲ್ಲ ಕಡೆಯವರಿಗೂ ಓದಲು ಸುಲಭ ಅಂದರು. ತಿದ್ದಲು ಕೂತೆ. "ಮಾಡ್ತಿದ್ನಂತೆ"ಯನ್ನು ಶಿಷ್ಟಕ್ಕೆ ತಂದರೆ ಏನಾಗಬೇಕು? ಒಂದೋ "ಮಾಡುತ್ತಿದ್ದನಂತೆ", ಇಲ್ಲವೋ "ಮಾಡುತ್ತಿದ್ದೆನಂತೆ". ಬರಹದ ಕನ್ನಡದಲ್ಲಿ ಆ ಎಕಾರ ಬಿದ್ದುಹೋಗುವುದಿಲ್ಲ, ಅಲ್ಲೇ ಗಟ್ಟಿಯಾಗಿ ಕೂತು ನಾನೋ ಅವನೋ ಹೇಳು ಅನ್ನುತ್ತೆ. "ದ್ದೆ" ಅಂತ ಹಾಕಿದರೆ ಓದುಗರಿಗೆ ಅದೇ ಸಾಲಿನಲ್ಲಿ ಗುಟ್ಟು ರಟ್ಟಾಗುತ್ತೆ. "ದ್ದ" ಅಂತ ಹಾಕಿದರೆ ಸುಳ್ಳು. ಅಜ್ಜಿ ಹೇಳಿದ ಪದ ಕನ್ನಡದಿಂದ ಕನ್ನಡಕ್ಕೂ ಹೋಗಲಿಲ್ಲ.

ಕೊನೆಗೆ ನಾನು ಮಾಡಿದ್ದು ಇಷ್ಟು. ಪುಸ್ತಕದಲ್ಲಿ ಆ ಭಾಗವನ್ನು ಅಜ್ಜಿ ಆಡಿದ ಹಾಗೇ ಉಳಿಸಿಕೊಳ್ಳಲು ಸಂಪಾದಕರನ್ನು ಒಪ್ಪಿಸಿದೆ. ಇಂಗ್ಲಿಷ್ ಸಾಲಿನಲ್ಲಿ ಕಥೆ ಪೂರ್ತಿ "ಅಂತೆ" ಪದವನ್ನೇ ಪ್ರತಿ ವಾಕ್ಯದ ಕೊನೆಗೆ ಇಟ್ಟು, ಮೊದಲ ಪುಟದಲ್ಲಿ ಅದೇನು ಅಂತ ನಾಲ್ಕು ಸಾಲು ಬರೆದೆ. ಓದಲು ಹಿತವಾಗಿಲ್ಲ, ನನಗೂ ಗೊತ್ತು. ನಿದ್ದೆಯ ಮಾತಿಗೆ ಮಾತ್ರ ಕರ್ತೃ ಹಾಕದೆ, "ನಿದ್ದೆಯಲ್ಲಿ, ಅಂತೆ" ಅನ್ನುವ ಹಾಗೆ ಬಿಟ್ಟಿದ್ದೇನೆ. ಮೂರನೇ ಸಾಲಿನಲ್ಲಿ ಎರಡೂ ಅರ್ಥ ಕೊಟ್ಟು, ಹೇಳಿದವರ ಪ್ರಕಾರ "ನಾನು" ಅಂತ ಟಿಪ್ಪಣಿ ಇದೆ.

ಅಜ್ಜಿ ಇನ್ನೊಮ್ಮೆ ಅದೇ ಕಥೆ ಹೇಳಿದ್ದೂ ನನ್ನ ಹತ್ತಿರ ಇದೆ. ಅವತ್ತು ಅಂಗಳದಲ್ಲಿ ನೆಂಟರು ತುಂಬಿದ್ದರು. ಕಪ್ಪೆ ಇದೆ, ಹಾವು ಇದೆ, ಚಪ್ಪರವೂ ಇದೆ. ಆದರೆ ಯಾರೂ ಯಾರ ತೊಡೆ ಮೇಲೂ ಕೂರಲಿಲ್ಲ, ಯಾರೂ ನಿದ್ದೆ ಮಾಡಲಿಲ್ಲ. ರಾಜಕುಮಾರ ತಾಳಿ ಕಟ್ಟಿದ್ನಂತೆ, ಕುದುರೆ ಹತ್ತಿಸ್ಕಂಡು ಹೋದ್ನಂತೆ, ಮುಗೀತು.

ಆ ನಾಲ್ಕು ಮಾತು ಎಲ್ಲರ ಎದುರು ಹೇಳುವಂಥದ್ದಲ್ಲ ಅಂತ ಇದರಿಂದ ಅನ್ನಿಸಿತು. ಹಾಗಾಗಿ ಸಂಗ್ರಹಕ್ಕೆ ಕಳಿಸುವ ಮೊದಲು ಒಪ್ಪಿಗೆಯನ್ನು ಮತ್ತೆ ಕೇಳಬೇಕಾಯಿತು. ಕಥೆಗೆ ಒಪ್ಪಿಗೆ ಮೊದಲೇ ಕೊಟ್ಟಿದ್ದರು, ಆದರೆ ಸ್ವಂತ ಬದುಕಿನ ಮಾತು ಬೇರೆ. ಬೇಡ ಅಂದರೆ ಅಷ್ಟು ತುಂಡಿಗೆ ಬೀಗ ಹಾಕಿ ಉಳಿದದ್ದನ್ನು ಮಾತ್ರ ತೆರೆದಿಡಬಹುದು. ಆ ತುಂಡನ್ನು ಮತ್ತೆ ಕೇಳಿಸಿ, "ಇದು 'ನಿಮ್ಮ' ಮಾತು ಅಜ್ಜಿ, ಎಲ್ಲರೂ ಕೇಳಬಹುದಾ?" ಅಂದೆ.

"ನನ್ ಮಾತೆಲ್ಲಿ ಬಂತು? ನಮ್ಮತ್ತೆ ಮಾತು ಅದು" ಅಂದರು. "ಅವ್ಳು ಹೋಗಿ ಎಷ್ಟು ಕಾಲ ಆಯ್ತು. ಅವ್ಳನ್ನ ಕೇಳ್ಬೇಕಿತ್ತು ನೀನು."

ಸ್ವಲ್ಪ ಹೊತ್ತಿನ ಮೇಲೆ ಅವರೇ, "ಹಾಕ್ಕೋ ಹೋಗು. ನಾನು ಹೇಳ್ದೆ ಅಂತ ಮಾತ್ರ ಹಾಕ್ಬ್ಯಾಡ" ಅಂದರು.

ಕಡತದಲ್ಲಿ "ಹೇಳಿದವರು" ಅನ್ನುವ ಕಡೆ ಒಂದೇ ಹೆಸರಿಗೆ ಜಾಗ ಇರುವುದು. ಆ ನಾಲ್ಕು ಮಾತನ್ನು ಬೇರೆ ತುಂಡು ಮಾಡಿ, ಅದರ ಎದುರು "ಕಥೆಗಾರ್ತಿಯ ಅತ್ತೆ" ಅಂತ ಬರೆದೆ. ರೆಕಾರ್ಡ್ ಮಾಡಿದ ದಿನಕ್ಕೆ ಆಕೆ ಬದುಕಿರಲೇ ಇಲ್ಲವಲ್ಲ, ಇದು ಟೈಪಿಂಗ್ ತಪ್ಪಾ ಅಂತ ಸಂಗ್ರಹದಿಂದ ಇಮೇಲ್ ಬಂತು. ಅಲ್ಲ ಅಂತ ಉತ್ತರ ಕಳಿಸಿದ್ದೇನೆ.